ವಾಟ್ಸಾಪ್ ಸ್ಟೇಟಸ್‌ಗೆ ಉದ್ದದ ವಿಡಿಯೋ ಹಾಕೋದು ಹೇಗೆ? ಮಾತು ಅರ್ಧಕ್ಕೆ ತುಂಡಾಗದಂತೆ ಕತ್ತರಿಸುವ ವಿಧಾನ ಇಲ್ಲಿದೆ

ವಾಟ್ಸಾಪ್ ಸ್ಟೇಟಸ್ ಈಗ ಬರೀ ಹಬ್ಬದ ಶುಭಾಶಯ, ಸಿನಿಮಾ ಹಾಡಿಗೆ ಸೀಮಿತವಾಗಿಲ್ಲ. ಮನೆಯಲ್ಲೇ ಅಡುಗೆ ಮಾಡಿ ಮಾರುವವರು, ಟೇಲರಿಂಗ್ ಮಾಡುವವರು, ಟ್ಯೂಷನ್ ಹೇಳುವವರು ಖರ್ಚಿಲ್ಲದ ಜಾಹೀರಾತು ಫಲಕದಂತೆ ಇದನ್ನು ಬಳಸುತ್ತಿದ್ದಾರೆ. ಆದರೆ ಇಲ್ಲೊಂದು ತೊಡಕಿದೆ. ವಿಡಿಯೋ ಎರಡು ಮೂರು ನಿಮಿಷದ್ದಾಗಿದ್ದರೆ ಸ್ಟೇಟಸ್ ಪೂರ್ತಿಯಾಗಿ ತೆಗೆದುಕೊಳ್ಳುವುದಿಲ್ಲ. ಮಿತಿಗೆ ತಕ್ಕಷ್ಟು ಭಾಗವನ್ನಷ್ಟೇ ಹಿಡಿದು ಉಳಿದದ್ದನ್ನು ಬಿಟ್ಟುಬಿಡುತ್ತದೆ. ಹಾಗೆ ಬಿಟ್ಟುಹೋಗುವುದು ಹೆಚ್ಚಾಗಿ ವಿಡಿಯೋದ ಕೊನೆಯ ಭಾಗ. ದರ, ವಿಳಾಸ, ಯಾವ ದಿನ ಸಿಗುತ್ತದೆ, ಯಾವ ದಿನ ಇಲ್ಲ ಎಂಬುದನ್ನೆಲ್ಲ ನಾವು ಹೇಳುವುದೂ ಕೊನೆಯಲ್ಲೇ.

ಹಾಗಾಗಿ ವಿಡಿಯೋ ಎಲ್ಲಿಂದ ಎಲ್ಲಿಯವರೆಗೆ ಹೋಗಬೇಕು ಎಂಬುದನ್ನು ಆ್ಯಪ್‌ಗೆ ಬಿಡದೆ ನೀವೇ ತೀರ್ಮಾನಿಸಿ. ಕೆಲಸ ಐದು ನಿಮಿಷದ್ದು.

ಮಿತಿ ಎಷ್ಟು?

2017ರ ಫೆಬ್ರವರಿಯಲ್ಲಿ ಈಗಿನ ರೂಪದ ಸ್ಟೇಟಸ್ ಬಂದ ಮೇಲೆ ಬಹುಕಾಲ ಒಂದು ವಿಡಿಯೋಗೆ 30 ಸೆಕೆಂಡ್ ಮಿತಿ ಇತ್ತು. 2020ರ ಮಾರ್ಚ್ ಕೊನೆಯಲ್ಲಿ, ಲಾಕ್‌ಡೌನ್‌ನಿಂದ ಎಲ್ಲರೂ ಮನೆಯಲ್ಲಿ ಕೂತು ಮೊಬೈಲ್ ಹಿಡಿದಿದ್ದಾಗ, ಸರ್ವರ್‌ಗಳ ಮೇಲಿನ ಹೊರೆ ಇಳಿಸಲು ಭಾರತದ ಬಳಕೆದಾರರಿಗೆ ಇದನ್ನು 15 ಸೆಕೆಂಡಿಗೆ ಇಳಿಸಲಾಗಿತ್ತು. ಅದೇ ವರ್ಷ ಮೇ ತಿಂಗಳಲ್ಲಿ ಮತ್ತೆ 30 ಸೆಕೆಂಡ್ ಆಯಿತು. 2024ರಲ್ಲಿ ಮಿತಿ ಒಂದು ನಿಮಿಷಕ್ಕೆ ಏರಿತು. 2025ರಲ್ಲಿ 90 ಸೆಕೆಂಡಿನ ಮಿತಿ ಹಂತ ಹಂತವಾಗಿ ಬರತೊಡಗಿತು.

ಹೊಸ ಮಿತಿ ಎಲ್ಲರ ಫೋನಿಗೂ ಒಂದೇ ದಿನ ಬರುವುದಿಲ್ಲ. ಆ್ಯಪ್ ಅಪ್‌ಡೇಟ್ ಮಾಡದೆ ಹಳೆಯದನ್ನೇ ಇಟ್ಟುಕೊಂಡವರಿಗೆ ಹಳೆಯ ಮಿತಿಯೇ ಇರಬಹುದು. ಆದ್ದರಿಂದ ಎಲ್ಲೋ ಓದಿದ ಅಂಕಿಯನ್ನು ನಂಬುವ ಬದಲು ನಿಮ್ಮ ಫೋನಿನಲ್ಲೇ ಅಳೆದು ನೋಡಿ. ಮೂರು ನಿಮಿಷಕ್ಕಿಂತ ಉದ್ದದ ಯಾವುದಾದರೂ ವಿಡಿಯೋವನ್ನು ಸ್ಟೇಟಸ್‌ಗೆ ಹಾಕುವಂತೆ ಆರಿಸಿ. ಪರದೆಯ ಮೇಲ್ಭಾಗದಲ್ಲಿ ವಿಡಿಯೋದ ಚಿಕ್ಕ ಚಿಕ್ಕ ಚಿತ್ರಗಳನ್ನು ಸಾಲಾಗಿ ಜೋಡಿಸಿದ ಪಟ್ಟಿ ಕಾಣುತ್ತದೆ. ಅದರ ಮೇಲಿನ ಚೌಕಟ್ಟನ್ನು ಎರಡೂ ತುದಿಯಿಂದ ಎಳೆದು ಎಷ್ಟಾಗುತ್ತೋ ಅಷ್ಟು ಅಗಲ ಮಾಡಿ. ಇನ್ನು ಹಿಗ್ಗುವುದಿಲ್ಲ ಎಂದಾಗ ಪಕ್ಕದಲ್ಲಿ ಕಾಣುವ ಸಮಯವೇ ನಿಮ್ಮ ಮಿತಿ. ನೋಡಿಕೊಂಡು, ಕಳುಹಿಸದೆ ಹಿಂದಕ್ಕೆ ಬಂದುಬಿಡಿ.

ಇನ್‌ಸ್ಟಾಗ್ರಾಂ ಸ್ಟೋರಿಯ ಲೆಕ್ಕ ಬೇರೆ. ಅಲ್ಲಿ ಹಿಂದೆ 15 ಸೆಕೆಂಡಿಗೊಂದು ತುಂಡಾಗುತ್ತಿತ್ತು, 2022ರಿಂದ 60 ಸೆಕೆಂಡ್‌ವರೆಗೆ ಒಂದೇ ತುಂಡಾಗಿ ಓಡುತ್ತದೆ. ಎರಡೂ ಕಡೆ ಹಾಕುವವರು 60 ಸೆಕೆಂಡಿನ ಒಳಗಿನ ತುಂಡುಗಳನ್ನು ಮಾಡಿಟ್ಟುಕೊಂಡರೆ ಎರಡೆರಡು ಸಲ ಕತ್ತರಿಸುವ ತಾಪತ್ರಯ ಇರುವುದಿಲ್ಲ.

ಕೊಂಢವಾದ ರೊಟ್ಟಿ ವಿಡಿಯೋ: ಒಂದು ಉದಾಹರಣೆ

ಲೆಕ್ಕ ಮಾಡಿಯೇ ನೋಡೋಣ. ಪುಣೆಯ ದಕ್ಷಿಣಕ್ಕಿರುವ ಕೊಂಢವಾದಲ್ಲಿ ವಿಜಯಪುರ ಕಡೆಯ ಒಂದು ಕುಟುಂಬವಿದೆ ಎಂದುಕೊಳ್ಳಿ. ಮನೆಯಾಕೆ ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಮಾಡಿ ಸುತ್ತಲಿನ ಮನೆಗಳಿಗೆ ಕೊಡುತ್ತಾರೆ. ಕೊಳ್ಳುವವರಲ್ಲಿ ಕನ್ನಡದವರೂ ಇದ್ದಾರೆ, ಭಾಕರಿ ಎಂದು ಕೇಳುವ ಮರಾಠಿ ನೆರೆಹೊರೆಯವರೂ ಇದ್ದಾರೆ. ಮಗ ಅಡುಗೆಮನೆಯಲ್ಲಿ ನಿಂತು ತೆಗೆದ ವಿಡಿಯೋ 2 ನಿಮಿಷ 14 ಸೆಕೆಂಡ್, ಅಂದರೆ 134 ಸೆಕೆಂಡ್ ಇದೆ.

ಕತ್ತರಿಸುವ ಮೊದಲು ವಿಡಿಯೋವನ್ನು ಒಮ್ಮೆ ಪೂರ್ತಿ ನೋಡಿ, ಒಂದು ಚೀಟಿಯಲ್ಲಿ ಸಮಯ ಬರೆದುಕೊಳ್ಳಬೇಕು. ಈ ವಿಡಿಯೋದಲ್ಲಿ ಮೊದಲ 18 ಸೆಕೆಂಡ್ ಫೋನ್ ಸರಿಯಾಗಿ ಹಿಡಿಯುವುದರಲ್ಲೇ ಹೋಗಿದೆ. 0:18ರಿಂದ 0:52ರವರೆಗೆ ರೊಟ್ಟಿ ಬಡಿದು ಹಂಚಿನ ಮೇಲೆ ಬೇಯಿಸುವುದು. 0:52ರಿಂದ 1:20ರವರೆಗೆ ಎರಡು ಬಗೆಯ ಚಟ್ನಿ ತೋರಿಸುವುದು. ಆಮೇಲೆ ಕುಕ್ಕರ್ ಸೀಟಿ ಹೊಡೆದು 16 ಸೆಕೆಂಡ್ ವ್ಯರ್ಥ. 1:36ರಿಂದ 2:10ರವರೆಗೆ ಅವರು ಕ್ಯಾಮರಾ ನೋಡಿ ಮಾತಾಡುತ್ತಾರೆ. ದರ ಹೇಳುತ್ತಾರೆ, ಹಿಂದಿನ ದಿನ ಸಂಜೆ ಏಳರೊಳಗೆ ಹೇಳಬೇಕು ಎನ್ನುತ್ತಾರೆ, ಸೋಮವಾರ ರೊಟ್ಟಿ ಇಲ್ಲ ಎಂದು ತಿಳಿಸುತ್ತಾರೆ. ಉಳಿದ ನಾಲ್ಕು ಸೆಕೆಂಡ್ ರೆಕಾರ್ಡಿಂಗ್ ನಿಲ್ಲಿಸಲು ಹುಡುಗ ಕೈ ಚಾಚಿದ್ದು.

ಇದನ್ನು ಹಾಗೆಯೇ ಸ್ಟೇಟಸ್‌ಗೆ ಹಾಕಿ ಕಳುಹಿಸು ಒತ್ತಿದರೆ ಏನಾಗುತ್ತದೆ? ಮಿತಿ 90 ಸೆಕೆಂಡ್ ಇರುವ ಫೋನಿನಲ್ಲಿ ಚೌಕಟ್ಟು ಶುರುವಿನಿಂದ 1:30ರವರೆಗೆ ಕೂರುತ್ತದೆ. ಫೋನ್ ಅಲುಗಾಡಿದ್ದು ಬರುತ್ತದೆ, ರೊಟ್ಟಿ ಬರುತ್ತದೆ, ಕುಕ್ಕರ್ ಸೀಟಿಯೂ ಬರುತ್ತದೆ. ಗಿರಾಕಿಗೆ ಬೇಕಾದ ಮಾತು ಶುರುವಾಗುವುದು 1:36ಕ್ಕೆ. ಅದರಲ್ಲಿ ಒಂದು ಅಕ್ಷರವೂ ಹೋಗುವುದಿಲ್ಲ. ನೋಡಿದವರು ಚೆನ್ನಾಗಿದೆ ಎಂದು ಮೆಚ್ಚಿಕೊಂಡು ಮುಂದಕ್ಕೆ ಹೋಗುತ್ತಾರೆ, ಆರ್ಡರ್ ಮಾತ್ರ ಬರುವುದಿಲ್ಲ.

ಬೇಕಾದ ಭಾಗಗಳನ್ನಷ್ಟೇ ಕೂಡಿದರೆ ರೊಟ್ಟಿಯ 34, ಚಟ್ನಿಯ 28, ಮಾತಿನ 34, ಒಟ್ಟು 96 ಸೆಕೆಂಡ್. 90ಕ್ಕೆ ಆರು ಸೆಕೆಂಡ್ ಹೆಚ್ಚು. ಆರು ಸೆಕೆಂಡ್ ಎಲ್ಲಾದರೂ ಉಳಿಸಿ ಒಂದೇ ವಿಡಿಯೋ ಮಾಡೋಣ ಎಂದು ಅನಿಸುವುದು ಸಹಜ. ಆದರೆ ಟ್ರಿಮ್ ಎಂಬ ಸೌಲಭ್ಯ ವಿಡಿಯೋದ ಎರಡು ತುದಿಗಳನ್ನು ಮಾತ್ರ ಕತ್ತರಿಸುತ್ತದೆ, ನಡುವಿನ ಕುಕ್ಕರ್ ಸೀಟಿಯನ್ನು ತೆಗೆಯಲು ಅದಕ್ಕೆ ಬರುವುದಿಲ್ಲ. ಅದಕ್ಕೆ ವಿಡಿಯೋವನ್ನು ಒಡೆದು ಮತ್ತೆ ಜೋಡಿಸುವ ಎಡಿಟಿಂಗ್ ಆ್ಯಪ್ ಬೇಕು. ಐಫೋನ್‌ನಲ್ಲಾದರೆ ಐಮೂವಿ ಸಾಕು. ಆಂಡ್ರಾಯ್ಡ್‌ನಲ್ಲಿ ಸಿಗುವ ಹಲವು ಉಚಿತ ಆ್ಯಪ್‌ಗಳು ವಿಡಿಯೋ ಮೂಲೆಯಲ್ಲಿ ತಮ್ಮ ಹೆಸರಿನ ಗುರುತು ಒತ್ತಿಬಿಡುತ್ತವೆ.

ನನ್ನ ಪ್ರಕಾರ ಇಷ್ಟು ಸಣ್ಣ ಕೆಲಸಕ್ಕೆ ಎಡಿಟಿಂಗ್ ಆ್ಯಪ್ ಬೇಕಿಲ್ಲ. ಎರಡು ಸ್ಟೇಟಸ್ ಮಾಡಿದರೆ ಮುಗಿಯಿತು. 0:18ರಿಂದ 1:20ರವರೆಗೆ ಒಂದು ತುಂಡು, ಅದು 62 ಸೆಕೆಂಡ್. 1:36ರಿಂದ 2:10ರವರೆಗೆ ಇನ್ನೊಂದು, ಅದು 34 ಸೆಕೆಂಡ್. ಎರಡೂ 90ರ ಒಳಗೇ ಇವೆ, ನಡುವಿನ ಸೀಟಿ ತಾನಾಗಿಯೇ ಹೊರಗುಳಿಯಿತು. ಮಿತಿ ಒಂದು ನಿಮಿಷ ಇರುವ ಫೋನಾದರೆ ಮೊದಲ ತುಂಡನ್ನು 0:18ರ ಬದಲು 0:21ರಿಂದ ಶುರು ಮಾಡಿ. 59 ಸೆಕೆಂಡ್ ಆಗುತ್ತದೆ, ಕಳೆದುಹೋಗುವುದು ಹಿಟ್ಟಿನ ಮುದ್ದೆ ಕೈಗೆತ್ತಿಕೊಳ್ಳುವ ಮೂರು ಸೆಕೆಂಡ್ ಮಾತ್ರ.

ಕನ್ನಡದ ಮಾತನ್ನು ಎಲ್ಲಿ ಕತ್ತರಿಸಬೇಕು?

ಇನ್ನೂ 30 ಸೆಕೆಂಡಿನ ಮಿತಿಯೇ ಇರುವ ಹಳೆಯ ಫೋನಿನಲ್ಲಿ ಆಕೆಯ 34 ಸೆಕೆಂಡಿನ ಮಾತೂ ಒಂದು ತುಂಡಿನಲ್ಲಿ ಹಿಡಿಸುವುದಿಲ್ಲ. ಇಲ್ಲಿ ತುಸು ಎಚ್ಚರ ಬೇಕು.

ಕನ್ನಡದಲ್ಲಿ ಕ್ರಿಯಾಪದ ಬರುವುದು ವಾಕ್ಯದ ಕೊನೆಗೆ. ಹೌದೋ ಅಲ್ಲವೋ, ಇದೆಯೋ ಇಲ್ಲವೋ ಎಂಬುದು ಗೊತ್ತಾಗುವುದೂ ಅಲ್ಲೇ. ‘ಸೋಮವಾರ ನಮ್ಮಲ್ಲಿ ರೊಟ್ಟಿ ಸಿಗೂದಿಲ್ಲ’ ಎಂಬ ಮಾತಿನಿಂದ ಕೊನೆಯ ಅರ್ಧ ಸೆಕೆಂಡ್ ಹಾರಿಹೋದರೆ ಉಳಿಯುವುದು ‘ಸೋಮವಾರ ನಮ್ಮಲ್ಲಿ ರೊಟ್ಟಿ ಸಿಗ...’ ಎಂಬಷ್ಟೇ. ಕೇಳಿದವರು ಸಿಗುತ್ತದೆ ಎಂದೇ ತಿಳಿದು ಸೋಮವಾರ ಬಾಗಿಲಿಗೆ ಬಂದು ನಿಂತರೂ ಆಶ್ಚರ್ಯವಿಲ್ಲ. ಮರಾಠಿಯಲ್ಲೂ ಇದೇ ಕಥೆ. ‘ಭಾಕರಿ ಮಿಳಣಾರ್ ನಾಹೀ’ ಎಂಬುದರಲ್ಲಿ ಕೊನೆಯ ಪದ ಬಿದ್ದುಹೋದರೆ ಭಾಕರಿ ಸಿಗುತ್ತದೆ ಎಂದು ಅರ್ಥ ಪೂರ್ತಿ ತಿರುಗಿಬಿಡುತ್ತದೆ.

ಉದಾಹರಣೆಯ ವಿಡಿಯೋದಲ್ಲಿ ದರ ಹೇಳುವ ಮಾತು 1:36ರಿಂದ 1:49, ಆರ್ಡರ್ ಕೊಡುವ ಬಗೆ 1:49ರಿಂದ 2:01, ಸೋಮವಾರದ ಮಾತು 2:01ರಿಂದ 2:10. ಆ್ಯಪ್ ಹಿಡಿದ ಹಾಗೆ 30 ಸೆಕೆಂಡ್ ಬಿಟ್ಟರೆ ತುಂಡು 2:06ಕ್ಕೆ, ಸೋಮವಾರದ ಮಾತಿನ ನಡುವೆ ಮುಗಿಯುತ್ತದೆ. ಮಿತಿಯಲ್ಲಿ ಇನ್ನೂ ಐದು ಸೆಕೆಂಡ್ ಉಳಿದಿದ್ದರೂ 2:01ಕ್ಕೇ ನಿಲ್ಲಿಸಬೇಕು. ಆಗ 25 ಸೆಕೆಂಡಿನ ಒಂದು ತುಂಡು, 9 ಸೆಕೆಂಡಿನ ಇನ್ನೊಂದು ತುಂಡು ಆಗುತ್ತವೆ. ಒಂಬತ್ತು ಸೆಕೆಂಡಿನ ಸ್ಟೇಟಸ್ ಚಿಕ್ಕದಾಯಿತಲ್ಲ ಎಂದು ಚಿಂತಿಸಬೇಡಿ. ಒಂದೇ ವಿಷಯ ಹೇಳುವ ಚಿಕ್ಕ ತುಂಡನ್ನು ಜನ ಕೊನೆಯವರೆಗೂ ಕೇಳುತ್ತಾರೆ.

ಜಾಗ ಹುಡುಕುವಾಗ ಚಿತ್ರ ನೋಡಬೇಡಿ, ಕಿವಿಗೊಟ್ಟು ಕೇಳಿ. ಬಾಯಿ ಮುಚ್ಚಿದ್ದು ಕಂಡಿತೆಂದು ಕತ್ತರಿಸಿದರೆ ಕೊನೆಯ ಸ್ವರ ಅರ್ಧಕ್ಕೇ ನಿಂತಂತೆ ಕೇಳಿಸುತ್ತದೆ. ಮಾತು ಮುಗಿದು ಉಸಿರು ತೆಗೆದುಕೊಳ್ಳುವ ಗ್ಯಾಪ್ ಇರುತ್ತದಲ್ಲ, ಅದರ ಮಧ್ಯಕ್ಕೆ ಗೆರೆ ಬರಬೇಕು. ಇಯರ್‌ಫೋನ್ ಹಾಕಿಕೊಂಡರೆ ಇದು ಸುಲಭ. ಹಾಡು, ಭಜನೆ, ಡೊಳ್ಳಿನ ವಿಡಿಯೋ ಆದರೂ ಹೀಗೆಯೇ, ಸಾಲು ಅಥವಾ ತಾಳದ ಒಂದು ಸುತ್ತು ಮುಗಿಯುವಲ್ಲಿ ನಿಲ್ಲಿಸಿ.

ಫೋನಿನಲ್ಲಿ ಕತ್ತರಿಸುವ ಕ್ರಮ

ನೇರವಾಗಿ ವಾಟ್ಸಾಪ್‌ನಲ್ಲೇ ಮಾಡಬಹುದು. ಅಪ್‌ಡೇಟ್ಸ್ ಟ್ಯಾಬ್‌ಗೆ ಹೋಗಿ, ಹೊಸ ಸ್ಟೇಟಸ್ ಸೇರಿಸುವ ಬಟನ್ ಒತ್ತಿ, ಗ್ಯಾಲರಿಯಿಂದ ವಿಡಿಯೋ ಆರಿಸಿ. ಮೇಲಿನ ಪಟ್ಟಿಯ ಎಡ ತುದಿಯನ್ನು ಶುರುವಿನ ಜಾಗಕ್ಕೂ ಬಲ ತುದಿಯನ್ನು ಕೊನೆಯ ಜಾಗಕ್ಕೂ ಎಳೆಯಿರಿ. ಪ್ಲೇ ಒತ್ತಿ, ಮೊದಲ ಎರಡು ಸೆಕೆಂಡ್ ಮತ್ತು ಕೊನೆಯ ಎರಡು ಸೆಕೆಂಡ್ ಕೇಳಿ. ಸರಿ ಎನಿಸಿದರೆ ಕಳುಹಿಸಿ. ಎರಡನೇ ತುಂಡಿಗೆ ಮತ್ತೆ ಅದೇ ವಿಡಿಯೋವನ್ನು ಆರಿಸಿ, ಈ ಸಲ ಚೌಕಟ್ಟನ್ನು ಮುಂದಿನ ಭಾಗದ ಮೇಲೆ ಕೂರಿಸಿ.

ಗ್ಯಾಲರಿಯಿಂದ ಶೇರ್ ಬಟನ್ ಒತ್ತಿ ಒಂದೇ ಸಲ ಸ್ಟೇಟಸ್‌ಗೂ ನಾಲ್ಕು ಗ್ರೂಪ್‌ಗಳಿಗೂ ಕಳುಹಿಸುವ ಅಭ್ಯಾಸ ಹಲವರಿಗಿದೆ. ಸ್ಟೇಟಸ್‌ಗೆ ಕತ್ತರಿಸಿ ಹಾಕುವಾಗ ಅದು ಬೇಡ. ಗ್ರೂಪ್‌ಗೆ ಪೂರ್ತಿ ವಿಡಿಯೋ ಬೇಕಿರುತ್ತದೆ, ಸ್ಟೇಟಸ್‌ಗೆ ಆಯ್ದ ತುಂಡು ಬೇಕಿರುತ್ತದೆ. ಎರಡನ್ನೂ ಬೇರೆ ಬೇರೆಯಾಗಿಯೇ ಕಳುಹಿಸಿ.

ವಾಟ್ಸಾಪ್‌ನ ಪಟ್ಟಿಯಲ್ಲಿರುವ ತೊಂದರೆ ಏನೆಂದರೆ, ವಿಡಿಯೋ ಉದ್ದವಾದಷ್ಟೂ ಬೆರಳು ಒರಟಾಗುತ್ತದೆ. ಎರಡು ನಿಮಿಷದ ವಿಡಿಯೋವನ್ನು ಫೋನಿನ ಅಗಲಕ್ಕೆ ಹೊಂದಿಸಿದಾಗ ಬೆರಳು ಒಂದಿಷ್ಟು ಸರಿದರೂ ಎರಡು ಮೂರು ಸೆಕೆಂಡ್ ಹಾರಿಹೋಗುತ್ತದೆ. ಅರ್ಧ ಸೆಕೆಂಡಿನ ಗ್ಯಾಪ್ ಹಿಡಿಯುವುದು ಕಷ್ಟ. ಅದಕ್ಕೇ ಮೊದಲು ಗ್ಯಾಲರಿಯಲ್ಲಿ ಕತ್ತರಿಸಿಟ್ಟುಕೊಂಡು ಆಮೇಲೆ ವಾಟ್ಸಾಪ್‌ಗೆ ಒಯ್ಯುವುದು ಮೇಲು.

ಗೂಗಲ್ ಫೋಟೋಸ್ ಇದ್ದರೆ ವಿಡಿಯೋ ತೆರೆದು ಎಡಿಟ್ ಒತ್ತಿ, ಎರಡು ತುದಿಗಳನ್ನು ಎಳೆದು, Save copy ಒತ್ತಿ. ತುಂಡು ಹೊಸ ಫೈಲ್ ಆಗಿ ಉಳಿಯುತ್ತದೆ, ಮೂಲ ವಿಡಿಯೋ ಹಾಗೆಯೇ ಇರುತ್ತದೆ. ಐಫೋನ್‌ನ ಫೋಟೋಸ್‌ನಲ್ಲಿ ಎಡಿಟ್ ಒತ್ತಿ ಹಳದಿ ಚೌಕಟ್ಟನ್ನು ಸರಿಸಿ ಮುಗಿಸಿದಾಗ ಎರಡು ಆಯ್ಕೆ ಬರುತ್ತವೆ. ಅದರಲ್ಲಿ Save Video as New Clip ಎಂಬುದನ್ನೇ ಆರಿಸಿ. ಬರೀ Save Video ಒತ್ತಿದರೆ ಮೂಲ ವಿಡಿಯೋವೇ ಚಿಕ್ಕದಾಗಿ ಕಾಣುತ್ತದೆ. ಮತ್ತೆ ಎಡಿಟ್‌ಗೆ ಹೋಗಿ Revert ಒತ್ತಿ ವಾಪಸ್ ಪಡೆಯಬಹುದಾದರೂ ಎರಡನೇ ತುಂಡು ಕತ್ತರಿಸಲು ಕೂತಾಗ ಗಾಬರಿಯಾಗುತ್ತದೆ.

ಗ್ಯಾಲರಿಯಲ್ಲಿ ಕತ್ತರಿಸುವಾಗ ಮಿತಿಯ ತುದಿಗೆ ತಾಗಿಸಬೇಡಿ, ಒಂದೆರಡು ಸೆಕೆಂಡ್ ಕಡಿಮೆ ಇರಲಿ. ಗ್ಯಾಲರಿ 0:30 ಎಂದು ತೋರಿಸಿದ ವಿಡಿಯೋ ನಿಜಕ್ಕೂ ಮೂವತ್ತು ಸೆಕೆಂಡಿಗೆ ಮೇಲೆ ಅರ್ಧ ಮುಕ್ಕಾಲು ಸೆಕೆಂಡ್ ಇರಬಹುದು, ಏಕೆಂದರೆ ಅಲ್ಲಿ ಪೂರ್ಣ ಸೆಕೆಂಡ್‌ಗಳಷ್ಟೇ ಕಾಣುತ್ತವೆ. ಆ ಅರ್ಧ ಸೆಕೆಂಡನ್ನು ವಾಟ್ಸಾಪ್ ಕತ್ತರಿಸುತ್ತದೆ, ‘ಇಲ್ಲ’ ಎಂಬ ಪದ ಹೋಗಲು ಅಷ್ಟೇ ಸಾಕು. 30ರ ಮಿತಿಗೆ 28, 60ಕ್ಕೆ 58, 90ಕ್ಕೆ 88 ಎಂದು ಇಟ್ಟುಕೊಂಡರೆ ನಿಶ್ಚಿಂತೆ.

ಇನ್ನೊಂದು ಗೊಂದಲವೂ ಕೆಲವೊಮ್ಮೆ ಕಾಣುತ್ತದೆ. ಕತ್ತರಿಸಿದ ತುಂಡು ನೀವು ಗುರುತು ಮಾಡಿದ್ದಕ್ಕಿಂತ ಸ್ವಲ್ಪ ಮೊದಲೇ ಶುರುವಾಗುತ್ತದೆ, ಇಲ್ಲವೇ ಮೊದಲ ಕ್ಷಣ ಚಿತ್ರ ನಿಂತುಕೊಂಡು ಧ್ವನಿ ಮಾತ್ರ ಓಡುತ್ತದೆ. ಫೋನ್ ಕೆಟ್ಟಿದೆ ಎಂದುಕೊಳ್ಳಬೇಡಿ. ವಿಡಿಯೋ ಫೈಲ್‌ನಲ್ಲಿ ಪ್ರತಿ ಚಿತ್ರವೂ ಪೂರ್ತಿಯಾಗಿ ಇರುವುದಿಲ್ಲ. ಆಗಾಗ ಒಂದು ಪೂರ್ಣ ಚಿತ್ರವಿದ್ದು, ಅದರ ನಡುವಿನವುಗಳಲ್ಲಿ ಏನು ಬದಲಾಯಿತು ಎಂಬುದಷ್ಟೇ ದಾಖಲಾಗಿರುತ್ತದೆ. ಬೇಗ ಕತ್ತರಿಸಿಕೊಡುವ ಕೆಲವು ಆ್ಯಪ್‌ಗಳು ಹತ್ತಿರದ ಪೂರ್ಣ ಚಿತ್ರದಿಂದಲೇ ಶುರು ಮಾಡುತ್ತವೆ. ಹೀಗಾದಾಗ ಶುರುವಿನ ಗುರುತನ್ನು ಅರ್ಧ ಸೆಕೆಂಡ್ ಹಿಂದೆ ಅಥವಾ ಮುಂದೆ ಸರಿಸಿ ಮತ್ತೊಮ್ಮೆ ಸೇವ್ ಮಾಡಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಕತ್ತರಿಸುವುದು ಯಾವಾಗಲೂ ಕ್ಯಾಮರಾದಲ್ಲಿ ತೆಗೆದ ಮೂಲ ವಿಡಿಯೋದಿಂದಲೇ ಆಗಲಿ. ಗ್ರೂಪ್‌ನಲ್ಲಿ ಬಂದದ್ದನ್ನು ಇಳಿಸಿಕೊಂಡು ಅದನ್ನೇ ಕತ್ತರಿಸಿ ಹಾಕಿದರೆ ವಾಟ್ಸಾಪ್ ಒಮ್ಮೆ ಕುಗ್ಗಿಸಿದ್ದನ್ನು ಇನ್ನೊಮ್ಮೆ ಕುಗ್ಗಿಸುತ್ತದೆ. ರೊಟ್ಟಿ ಯಾವುದು, ಹಂಚು ಯಾವುದು ಎಂದು ತಿಳಿಯದಷ್ಟು ಮಸುಕಾಗುತ್ತದೆ.

ಯಾವ ತುಂಡು ಮೊದಲು?

ಸ್ಟೇಟಸ್‌ಗಳು ಹಾಕಿದ ಕ್ರಮದಲ್ಲೇ ಓಡುತ್ತವೆ. ಮೊದಲ ತುಂಡು ಪೂರ್ತಿ ಅಪ್‌ಲೋಡ್ ಆಯಿತೆಂದು ಖಚಿತವಾದ ಮೇಲೆ ಎರಡನೆಯದನ್ನು ಹಾಕಿ. ಕಥೆ, ಹಾಡು, ಮಕ್ಕಳ ನೃತ್ಯವಾದರೆ ಇದ್ದ ಕ್ರಮವೇ ಸರಿ. ವ್ಯಾಪಾರದ ವಿಡಿಯೋ ಆದರೆ ಕ್ರಮ ತಿರುಗಿಸುವುದೇ ವಾಸಿ. ಆಕೆ ಮಾತಾಡುವ 34 ಸೆಕೆಂಡ್ ಮೊದಲು ಬರಲಿ, ರೊಟ್ಟಿ ಬಡಿಯುವುದು ಆಮೇಲೆ. ಮೊದಲನೆಯದನ್ನು ನೋಡಿ ಬೆರಳು ಸರಿಸುವವರೇ ಜಾಸ್ತಿ, ಅಷ್ಟರಲ್ಲೇ ಅವರಿಗೆ ದರ ಮತ್ತು ವೇಳೆ ತಿಳಿದಿರುತ್ತದೆ.

ಪ್ರತಿ ತುಂಡಿಗೂ 24 ಗಂಟೆಯ ಆಯಸ್ಸು ಬೇರೆ ಬೇರೆಯಾಗಿಯೇ ಶುರುವಾಗುತ್ತದೆ ಎಂಬುದೂ ನೆನಪಿರಲಿ. ಬೆಳಿಗ್ಗೆ ಹತ್ತಕ್ಕೆ ಒಂದು ತುಂಡು, ಸಂಜೆ ಐದಕ್ಕೆ ಇನ್ನೊಂದು ಹಾಕಿದರೆ, ಮರುದಿನ ಮಧ್ಯಾಹ್ನ ನೋಡುವವರಿಗೆ ಎರಡನೆಯದು ಮಾತ್ರ ಸಿಗುತ್ತದೆ. ದರ ಹೇಳಿದ ತುಂಡು ಮಾಯವಾಗಿ ರೊಟ್ಟಿ ಬಡಿಯುವ ಸದ್ದಷ್ಟೇ ಉಳಿದಿರುತ್ತದೆ. ಆದ್ದರಿಂದ ಎಲ್ಲ ತುಂಡುಗಳನ್ನೂ ಒಟ್ಟಿಗೇ ಹಾಕಿ. ಸಂಜೆ ಏಳರೊಳಗೆ ಆರ್ಡರ್ ಬೇಕೆಂದರೆ ಬೆಳಿಗ್ಗೆಯೇ ಹಾಕುವುದು ಒಳ್ಳೆಯದು.

ಹಲವರು ಬಸ್‌ನಲ್ಲಿ, ಆಫೀಸಿನಲ್ಲಿ ಧ್ವನಿ ಇಲ್ಲದೆ ಸ್ಟೇಟಸ್ ನೋಡುತ್ತಾರೆ. ಅವರಿಗಾಗಿ ಕ್ಯಾಪ್ಷನ್‌ನಲ್ಲಿ ಒಂದು ಸಾಲು ಬರೆಯಿರಿ. ‘ಹಿಂದಿನ ದಿನ ಸಂಜೆ 7ರೊಳಗೆ ತಿಳಿಸಿ, ಸೋಮವಾರ ರಜೆ’ ಎಂದಿದ್ದರೆ ಸಾಕು. ಕೊಂಢವಾದಂಥ ಕಡೆ ಅದೇ ಸಾಲನ್ನು ಮರಾಠಿಯಲ್ಲೂ ಕೆಳಗೆ ಬರೆದರೆ ಪಕ್ಕದ ಮನೆಯವರಿಗೂ ತಲುಪುತ್ತದೆ. ‘ಇಲ್ಲ’ ಎನ್ನುವ ಮಾತನ್ನು ‘ರಜೆ’ ಎಂದು ಬದಲಿಸಿದ್ದನ್ನು ಗಮನಿಸಿ. ವಿಡಿಯೋ ತೆಗೆಯುವಾಗಲೇ ಹಾಗೆ ಹೇಳಿಸಿದರೆ ಕೊನೆಯ ಅಕ್ಷರ ಕತ್ತರಿಗೆ ಸಿಕ್ಕರೂ ಅರ್ಥ ಉಲ್ಟಾ ಆಗುವುದಿಲ್ಲ.

ಹಾಕಿದ ಮೇಲೆ ಸ್ಟೇಟಸ್ ವಿಡಿಯೋದ ಉದ್ದವನ್ನು ತಿದ್ದಲು ಬರುವುದಿಲ್ಲ. ತಪ್ಪು ಕಂಡರೆ ಡಿಲೀಟ್ ಮಾಡಿ ಮತ್ತೆ ಹಾಕಬೇಕು, ಅಷ್ಟರಲ್ಲಿ ನೋಡಿದವರು ನೋಡಿಯಾಗಿರುತ್ತದೆ. ಹಾಗಾಗಿ ಹಾಕಿದ ಕೂಡಲೇ ಮನೆಯ ಇನ್ನೊಂದು ಫೋನಿನಲ್ಲಿ ತೆರೆದು ಕೊನೆಯವರೆಗೂ ಕೇಳಿ. ಆ ಫೋನಿನಲ್ಲಿ ಸ್ಟೇಟಸ್ ಕಾಣದಿದ್ದರೆ ವಿಡಿಯೋದ ದೋಷ ಎಂದುಕೊಳ್ಳುವ ಮುನ್ನ ನಂಬರ್ ನೋಡಿ. ನಿಮ್ಮ ನಂಬರ್ ಅವರಲ್ಲಿ, ಅವರ ನಂಬರ್ ನಿಮ್ಮಲ್ಲಿ ಎರಡೂ ಸೇವ್ ಆಗಿದ್ದರೆ ಮಾತ್ರ ಸ್ಟೇಟಸ್ ಕಾಣುತ್ತದೆ. ಹೊಸ ಗಿರಾಕಿಗೆ ರೊಟ್ಟಿ ಕಟ್ಟಿಕೊಡುವಾಗ ‘ನಮ್ಮ ನಂಬರ್ ಸೇವ್ ಮಾಡ್ಕೊಳ್ರಿ’ ಎಂದು ಹೇಳಿ, ಅವರ ನಂಬರನ್ನೂ ಆಗಲೇ ಸೇವ್ ಮಾಡಿಕೊಂಡುಬಿಡಿ.